ಮುಂಗಡದ ಕೊನೆಯ ಕಂತು ತೀರಿತು, ನಿಮಗೆಲ್ಲ ಥ್ಯಾಂಕ್ಸ್

ಈ ತಿಂಗಳ ಸಂಬಳದ ಚೀಟಿಯಲ್ಲಿ ‘ಮುಂಗಡ ಬಾಕಿ’ ಅನ್ನುವ ಸಾಲಿನ ಮುಂದೆ ಸೊನ್ನೆ ಇತ್ತು. ಆರು ತಿಂಗಳಿಂದ ಕಾಯುತ್ತಿದ್ದ ಸೊನ್ನೆ ಅದು. ಅಪ್ಪ ಈಗ ಕೋಲಿಲ್ಲದೆ ಮನೆಯೊಳಗೆ ಓಡಾಡುತ್ತಾರೆ. ಆಗ ನನ್ನ ಜೊತೆ ನಿಂತವರಿಗೆ ಗಡಿಬಿಡಿಯಲ್ಲಿ ಸರಿಯಾಗಿ ಒಂದು ಮಾತೂ ಹೇಳಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ತಡ ಮಾಡುವ ಹಾಗಿಲ್ಲ ಎಂದರು ಡಾಕ್ಟರ್. ವಿಮೆ ಇತ್ತು, ಆದರೆ ಮೊದಲು ಪೂರ್ತಿ ಹಣ ನಾವೇ ಕಟ್ಟಿ, ಆಮೇಲೆ ಬಿಲ್ಲು ಕೊಟ್ಟು ವಾಪಸ್ ಪಡೆಯಬೇಕಿತ್ತು. ಕಟ್ಟಬೇಕಾದ ಮೊತ್ತ ನನ್ನ ಕೈಗೆ ಬರುವ ಸಂಬಳದ ಎರಡು ತಿಂಗಳಷ್ಟು. ಕೈಯಲ್ಲಿ ಇದ್ದದ್ದು ಅರ್ಧ ತಿಂಗಳಿನಷ್ಟು. ಉಳಿದ ಒಂದೂವರೆ ತಿಂಗಳಿನಷ್ಟನ್ನು ಮುಂಗಡವಾಗಿ ಕೇಳೋಣ ಎಂದು ರಾತ್ರಿ ಆಸ್ಪತ್ರೆಯಲ್ಲೇ ಕೂತು ಪತ್ರ ಬರೆದೆ. ಎರಡು ಪುಟ ಆಯಿತು.

ಬೆಳಿಗ್ಗೆ ಅದನ್ನು ನಮ್ಮ ವಿಭಾಗದ ಹಿರಿಯ ಅಕ್ಕನಿಗೆ ತೋರಿಸಿದೆ. ನನ್ನ ಮೊದಲ ಥ್ಯಾಂಕ್ಸ್ ಅವರಿಗೆ. ಪೂರ್ತಿ ಓದಿ ಅವರು ಮೂರೇ ಪ್ರಶ್ನೆ ಕೇಳಿದರು. “ಎಷ್ಟು ಬೇಕು? ಯಾವತ್ತಿಗೆ ಬೇಕು? ಹೇಗೆ ತೀರಿಸ್ತೀಯ?” ಎರಡು ಪುಟದಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ. ಮೊತ್ತದ ಜಾಗದಲ್ಲಿ ‘ತಮ್ಮಿಂದ ಸಾಧ್ಯವಾದಷ್ಟು’ ಎಂದು ಬರೆದಿದ್ದೆ. ದಿನದ ಜಾಗದಲ್ಲಿ ‘ಆದಷ್ಟು ಬೇಗ’. ಅಕ್ಕ ಹೇಳಿದರು: “ಇದನ್ನ ಓದಿದವರಿಗೆ ನಿನ್ನ ಮೇಲೆ ಕನಿಕರ ಬರುತ್ತೆ. ಆದರೆ ಅವರು ಯಾವುದಕ್ಕೆ ಸಹಿ ಹಾಕಬೇಕು?”

ಆಮೇಲೆ ಪೆನ್ನು ತಗೊಂಡು ಒಂದೊಂದೇ ಸಾಲು ಹೊಡೆದು ಹಾಕಿದರು. ‘ಇಷ್ಟು ವರ್ಷದಿಂದ ನಿಷ್ಠೆಯಿಂದ ದುಡಿಯುತ್ತಿದ್ದೇನೆ’ ಅನ್ನುವುದು ಹೋಯಿತು. ದುಡಿದದ್ದಕ್ಕೆ ಸಂಬಳ ಬಂದಿದೆ, ಇಲ್ಲಿ ಅದನ್ನು ಹೇಳಿದರೆ ಹಳೆಯ ಬಾಕಿ ಕೇಳಿದ ಹಾಗಾಗುತ್ತೆ ಎಂದರು. ‘ನನಗೆ ಬೇರೆ ದಾರಿಯೇ ಇಲ್ಲ’ ಅನ್ನುವುದೂ ಹೋಯಿತು, ಅದು ಓದುವವರ ಮೇಲೆ ಭಾರ ಹೊರಿಸುತ್ತದೆ. ಮೂರು ಕಡೆ ‘ಕ್ಷಮಿಸಿ’ ಎಂದು ಬರೆದಿದ್ದೆ, ಮೂರೂ ಹೋದವು. ಅಪ್ಪನ ಕಾಯಿಲೆಯ ಕಥೆ ಒಂದು ಪುಟ ಇದ್ದದ್ದು ಒಂದು ವಾಕ್ಯಕ್ಕೆ ಇಳಿಯಿತು. ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಲು ಹೊರಟಿದ್ದೆ. ಅದಕ್ಕೂ ಬೇಡ ಎಂದರು. ಪತ್ರ ಎಷ್ಟೋ ಜನರ ಕೈ ದಾಟುತ್ತೆ, ಅಪ್ಪನ ವರದಿ ಎಲ್ಲರೂ ನೋಡುವುದು ಯಾಕೆ? ಕೇಳಿದರೆ ತೋರಿಸುತ್ತೇನೆ ಅಂದರೆ ಸಾಕು, ಅಲ್ವಾ?

ಕೊನೆಗೆ ಉಳಿದದ್ದು ಇಷ್ಟು:

“ಮಾನ್ಯರೇ, ನನ್ನ ತಂದೆಯವರಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಾಗಿದೆ. ಇದಕ್ಕಾಗಿ ಕೈಗೆ ಬರುವ ಸಂಬಳದ ಒಂದೂವರೆ ತಿಂಗಳಿನಷ್ಟು ಮೊತ್ತವನ್ನು ಮುಂಗಡವಾಗಿ, ಇದೇ ಗುರುವಾರದೊಳಗೆ ನೀಡಬೇಕೆಂದು ಕೋರುತ್ತೇನೆ. ಮುಂದಿನ ತಿಂಗಳ ಸಂಬಳದಿಂದ ಆರಂಭಿಸಿ ಆರು ಸಮಾನ ಕಂತುಗಳಲ್ಲಿ ಇದನ್ನು ಕಡಿತ ಮಾಡಿಕೊಳ್ಳಲು ನನ್ನ ಒಪ್ಪಿಗೆ ಇದೆ. ಅಗತ್ಯವಿದ್ದರೆ ಆಸ್ಪತ್ರೆಯ ದಾಖಲೆಗಳನ್ನು ತೋರಿಸುತ್ತೇನೆ. ಈ ವಿಷಯವನ್ನು ಸಂಬಂಧಪಟ್ಟವರಲ್ಲಿ ಮಾತ್ರ ಇರಿಸಬೇಕೆಂದು ವಿನಂತಿ.”

ನಿಜವಾದ ಪತ್ರದಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ, ಗುರುವಾರದ ತಾರೀಖು ಹಾಕಿದೆ. ಐದೇ ವಾಕ್ಯ. ಓದಿದಾಗ ನನಗೇ ಬೆನ್ನು ನೆಟ್ಟಗಾಯಿತು.

ಆ ‘ಆರು ಕಂತು’ ಮಾತ್ರ ಅಕ್ಕನದ್ದಲ್ಲ. ಅದು ಲೆಕ್ಕಪತ್ರ ವಿಭಾಗದ ಸರ್ ಅವರದ್ದು, ಅವರಿಗೆ ಎರಡನೆಯ ಥ್ಯಾಂಕ್ಸ್. ಅಕ್ಕ ಕೇಳಿದ ಮೇಲೆ, ಬೇಗ ತೀರಿಸಿದರೆ ಮರ್ಯಾದೆ ಅಂದುಕೊಂಡು ಮೊದಲು ಮೂರು ಕಂತು ಎಂದು ಬರೆದಿದ್ದೆ. ಪತ್ರ ಕೊಡುವ ಮುಂಚೆ ನಿಯಮ ಕೇಳಲು ಅವರ ಹತ್ತಿರ ಹೋದೆ. ನಮ್ಮಲ್ಲಿ ಎರಡು ತಿಂಗಳ ಸಂಬಳದವರೆಗೆ ಮುಂಗಡ ಕೊಡುತ್ತಾರೆ, ಬಡ್ಡಿ ಇಲ್ಲ. ಅವರು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಮೂರು ಕಂತಾದರೆ ಪ್ರತಿ ತಿಂಗಳು ಅರ್ಧ ಸಂಬಳ ಹೋಗುತ್ತೆ. ಆರಾದರೆ ಕಾಲು ಭಾಗ. “ಅರ್ಧದಲ್ಲಿ ಮನೆ ನಡೆಯುತ್ತಾ? ನಡೆಯದಿದ್ದರೆ ಎರಡನೇ ತಿಂಗಳು ಮತ್ತೆ ಬಂದು ಕೇಳ್ತೀರಿ. ಎರಡನೇ ಸಲ ಕೇಳೋದು ಬಹಳ ಕಷ್ಟ” ಎಂದರು.

ನನಗೆ ಇನ್ನೊಂದು ಆಸೆ ಇತ್ತು. ವಿಮೆ ಹಣ ಬಂದ ಕೂಡಲೇ ಒಂದೇ ಸಲ ತೀರಿಸುತ್ತೇನೆ ಎಂದು ಬರೆಯೋಣ ಅಂತ. ಸರ್ ಬೇಡವೇ ಬೇಡ ಎಂದರು. ನಮ್ಮ ಕೈಯಲ್ಲಿ ಇಲ್ಲದ ತಾರೀಖಿನ ಮೇಲೆ ಮಾತು ಕೊಡಬೇಡಿ, ಬಂದರೆ ಆಗ ಕಟ್ಟಿ, ಯಾರೂ ಬೇಡ ಅನ್ನಲ್ಲ ಎಂದರು. ಅವರು ಹೇಳಿದ್ದು ನಿಜವಾಯಿತು. ವಿಮೆ ಹಣ ಬಂದದ್ದು ನಾಲ್ಕನೇ ತಿಂಗಳಿಗೆ, ಅದೂ ಕಟ್ಟಿದ್ದಕ್ಕಿಂತ ಕಡಿಮೆ. ಕೆಲವು ಖರ್ಚು ವಿಮೆಯಲ್ಲಿ ಸೇರುವುದಿಲ್ಲವಂತೆ. ಆ ಹಣ ಅಪ್ಪನ ಫಿಸಿಯೋಥೆರಪಿಗೆ ಬೇಕಾಯಿತು. ನಾನು ಮೊದಲು ಅಂದುಕೊಂಡ ಹಾಗೆ ಬರೆದಿದ್ದರೆ ಕೊಟ್ಟ ಮಾತು ತಪ್ಪುತ್ತಿತ್ತು. ಕಂತು ಮಾತ್ರ ಸಂಬಳದಿಂದಲೇ ಹೋಗುತ್ತಿದ್ದರಿಂದ ಒಂದು ತಿಂಗಳೂ ತಪ್ಪಲಿಲ್ಲ.

ಇನ್ನು ನಮ್ಮ ಮ್ಯಾನೇಜರ್ ಮೇಡಂ. ಪತ್ರ ಕಳಿಸುವ ಮುಂಚೆ ಹತ್ತು ನಿಮಿಷ ಸಮಯ ಕೇಳಿ ಅವರಿಗೆ ಬಾಯಿಮಾತಲ್ಲಿ ಹೇಳಿದೆ. ಇದ್ದಕ್ಕಿದ್ದಂತೆ ಪತ್ರ ನೋಡಿ ಅವರು ಗಾಬರಿಯಾಗುವುದು ಬೇಡ ಅನಿಸಿತ್ತು. ಅವರು ಬಾಗಿಲು ಮುಚ್ಚಿ ಕೇಳಿದರು. ಕಾಗದ ತೋರಿಸಿ ಎನ್ನಲಿಲ್ಲ. “ಆ ತಾರೀಖು ಒಂದು ದಿನ ಹಿಂದೆಮುಂದೆ ಆದರೆ ನಡೆಯುತ್ತಾ?” ಎಂದಷ್ಟೇ ಕೇಳಿದರು. ನಡೆಯಲ್ಲ ಮೇಡಂ ಎಂದೆ. ಆ ತಿಂಗಳ ಸಂಬಳದ ಪಟ್ಟಿ ಆಗಲೇ ಮುಚ್ಚಿತ್ತು. ಸಂಬಳದ ಜೊತೆ ಸೇರಿಸಿದ್ದರೆ ಹಣ ಹತ್ತು ದಿನ ತಡವಾಗುತ್ತಿತ್ತು. ಅವರೇ ಮಾತಾಡಿ ಪ್ರತ್ಯೇಕ ವೋಚರ್ ಮಾಡಿಸಿದರು. ಬುಧವಾರ ಸಂಜೆ ಹಣ ಖಾತೆಗೆ ಬಂತು. ಮೇಡಂ, ಆ ಸಂಜೆ ನಿಮಗೆ ಫೋನ್ ಮಾಡಿ ಮಾತೇ ಹೊರಡದೆ ಇಟ್ಟುಬಿಟ್ಟಿದ್ದೆ. ನೀವು ಅದನ್ನು ಅರ್ಥ ಮಾಡಿಕೊಂಡಿರಿ.

ಹಣ ಕೈಗೆ ಬರುವ ಮುಂಚೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೆ. ನಡುವೆ ಕೆಲಸ ಬಿಟ್ಟರೆ ಉಳಿದ ಬಾಕಿಯನ್ನು ಕೊನೆಯ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಸರ್ ಆ ಸಾಲನ್ನು ಜೋರಾಗಿ ಓದಿಸಿ, ಅರ್ಥವಾಯಿತಾ ಎಂದು ಕೇಳಿ, ಆಮೇಲೆಯೇ ಸಹಿ ಹಾಕಿಸಿದರು. ಅವಸರದಲ್ಲಿದ್ದ ನನಗೆ ಆಗ ಸ್ವಲ್ಪ ಕಿರಿಕಿರಿಯಾಗಿತ್ತು. ಈಗ ಗೌರವ ಅನಿಸುತ್ತದೆ.

ಪಕ್ಕದ ಸೀಟಿನ ಇಬ್ಬರು ಗೆಳೆಯರಿಗೂ ಹೇಳಲೇಬೇಕು. ನಿಮಗೆ ವಿಷಯ ಗೊತ್ತಿತ್ತು ಅಂತ ನನಗೆ ಗೊತ್ತು. ಆರು ತಿಂಗಳು ನೀವು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅಪ್ಪ ಹೇಗಿದ್ದಾರೆ ಎಂದು ಮಾತ್ರ ಕೇಳುತ್ತಿದ್ದಿರಿ.

ನಿನ್ನೆ ಲೆಕ್ಕಪತ್ರ ವಿಭಾಗಕ್ಕೆ ಹೋಗಿ, ಮುಂಗಡ ಪೂರ್ತಿ ತೀರಿದೆ ಎಂದು ಬರೆದುಕೊಡಿ ಎಂದು ಕೇಳಿದೆ. ಸರ್ ಎರಡು ಸಾಲು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಎದ್ದು, ತಾವೇ ನಡೆದು ಹೋಗಿ, ಬೀರುವಿನಲ್ಲಿ ಇಟ್ಟು ಬಂದರು.