ಎಲ್ಲರಿಗೂ ಒಂದೇ ದರ ಮಾಡಿದರೆ ನಮ್ಮ ಓಣಿಯಲ್ಲಿ ಯಾರಿಗೆ ಎಷ್ಟು ಬೀಳುತ್ತದೆ?

ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಆದಾಯ ತೆರಿಗೆಗೆ ಸ್ಲ್ಯಾಬ್‌ಗಳೇ ಬೇಡ, ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ದರ ಹಾಕಿ ಎಂದು ಬರೆದಿದ್ದರು. ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ವ್ಯಾಪಾರಸ್ಥರ ಲೆಕ್ಕ ಬರೆದು ರಿಟರ್ನ್ ತುಂಬಿಕೊಡುವವನು. ಈ ಮಾತನ್ನು ನನ್ನ ಮೇಜಿನ ಮುಂದೆ ಕೂತವರೂ ಆಗಾಗ ಆಡುತ್ತಾರೆ. ಕೇಳಲಿಕ್ಕೆ ಚೆಂದ ಇದೆ. ಹಾಗಾಗಿ ಒಮ್ಮೆ ಕೂತು ಲೆಕ್ಕ ಹಾಕಿಯೇ ನೋಡಿದೆ.

ಹತ್ತು ಮನೆಗಳ ಒಂದು ಓಣಿ ಅಂದುಕೊಳ್ಳಿ. ಖಾನಾವಳಿ, ಟೇಲರಿಂಗ್, ಎಲೆಕ್ಟ್ರಿಕ್ ಅಂಗಡಿ ಹೀಗೆ ಸಣ್ಣ ದುಡಿಮೆಯ ಆರು ಮನೆ. ಒಂದೊಂದಕ್ಕೂ ವರ್ಷಕ್ಕೆ 6 ಲಕ್ಷ. ಬ್ಯಾಂಕ್, ಕಾಲೇಜು ಅಂತ ಒಳ್ಳೆಯ ನೌಕರಿಯ ಮೂರು ಮನೆ, ತಲಾ 16 ಲಕ್ಷ. ಕಡೆಯದು ಹೋಲ್‌ಸೇಲ್ ಅರಿವೆ ವ್ಯಾಪಾರಿಯದು, 36 ಲಕ್ಷ. ಕಳೆಯುವುದನ್ನೆಲ್ಲ ಕಳೆದು ತೆರಿಗೆಗೆ ಉಳಿದ ಆದಾಯ ಇದು. ಓಣಿಯ ಒಟ್ಟು ಆದಾಯ 120 ಲಕ್ಷ.

2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲೆ ಪ್ರತಿ 4 ಲಕ್ಷಕ್ಕೆ ಒಂದು ಮೆಟ್ಟಿಲು: ಶೇ 5, 10, 15, 20, 25. 24 ಲಕ್ಷ ದಾಟಿದ ಹಣಕ್ಕೆ ಶೇ 30. ಆದಾಯ 12 ಲಕ್ಷದ ಒಳಗಿದ್ದರೆ ರಿಬೇಟ್ ಸಿಕ್ಕಿ ಏನೂ ಕಟ್ಟಬೇಕಿಲ್ಲ. ಹೀಗಾಗಿ ಸಣ್ಣ ಮನೆಗಳದು ಸೊನ್ನೆ. ನೌಕರಿಯವರದು ತಲಾ 1,20,000. ಅರಿವೆ ವ್ಯಾಪಾರಿಯದು 6,60,000. ಸೆಸ್ ಬಿಟ್ಟು ಸರ್ಕಾರಕ್ಕೆ ಓಣಿಯಿಂದ ಹೋಗುವುದು 10,20,000 ರೂಪಾಯಿ.

ಈಗ ಇಷ್ಟೇ ಹಣ ಒಂದೇ ದರದಲ್ಲಿ ಬರಬೇಕು ಅನ್ನಿ. 120 ಲಕ್ಷಕ್ಕೆ 10.2 ಲಕ್ಷ ಅಂದರೆ ಶೇ 8.5. ಎಷ್ಟು ಕಡಿಮೆ ದರ ಅಲ್ವಾ? ಆದರೆ ಅದನ್ನು ಮನೆ ಮನೆಗೆ ಹಂಚಿ ನೋಡಿ. ಖಾನಾವಳಿಯವರು 51,000 ಕಟ್ಟಬೇಕು. ನೌಕರಿಯವರು 1,36,000. ವ್ಯಾಪಾರಿಗೆ ಬರೀ 3,06,000. ಅವರಿಗೆ 3,54,000 ಉಳಿಯಿತು. ಅದರಲ್ಲಿ 3,06,000 ಬಂದದ್ದು ಆರು ಸಣ್ಣ ಮನೆಗಳಿಂದ, ಮಿಕ್ಕ 48,000 ನೌಕರಿಯವರಿಂದ.

ಖಾನಾವಳಿಯವರ 51,000 ಅಂದರೆ ತಿಂಗಳಿಗೆ 4,250. ಗ್ಯಾಸು, ಜೋಳದ ಹಿಟ್ಟು, ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳ ಪಗಾರ, ಎಲ್ಲ ಕೊಟ್ಟ ಮೇಲೆ ಅವರ ಕೈಗೆ ಬರುವುದು ತಿಂಗಳಿಗೆ 50,000. ಅದರಲ್ಲಿ ಮನೆ ಬಾಡಿಗೆ, ಇಬ್ಬರು ಮಕ್ಕಳ ಫೀಸು, ತಾಯಿಯ ಔಷಧ. ಈ ಹಣ ಹೋದರೆ ಇವುಗಳಲ್ಲಿ ಯಾವುದೋ ಒಂದು ನಿಲ್ಲುತ್ತದೆ. ವ್ಯಾಪಾರಿ ಈಗ ತಿಂಗಳಿಗೆ 55,000 ತೆರಿಗೆ ಕಟ್ಟಿದ ಮೇಲೂ 2,45,000 ಉಳಿಯುತ್ತದೆ. ಅವರೂ ಕಷ್ಟಪಟ್ಟೇ ದುಡಿದಿದ್ದಾರೆ, ನನಗೆ ಗೊತ್ತು. ಆದರೂ ಎರಡೂ ಮನೆಯ ನೂರು ರೂಪಾಯಿಯ ತೂಕ ಒಂದೇ ಅಲ್ಲ. ಇನ್ನು ಸೋಪು, ಬಟ್ಟೆ, ಮೊಬೈಲ್ ಕೊಂಡಾಗ ಇಬ್ಬರೂ ಕೊಡುವ ಜಿಎಸ್‌ಟಿ ದರ ಈಗಾಗಲೇ ಒಂದೇ.

ಒಂದೇ ದರದ ಪರ ಇರುವವರು ಇಲ್ಲೊಂದು ಒಳ್ಳೆಯ ಮಾತು ಹೇಳುತ್ತಾರೆ. ಮೊದಲ 4 ಲಕ್ಷ ಎಲ್ಲರಿಗೂ ಬಿಟ್ಟು ಮೇಲಿನದಕ್ಕೆ ಒಂದೇ ದರ ಹಾಕಿ ಅಂತ. ಹಾಕೋಣ. ತೆರಿಗೆಗೆ ಉಳಿಯುವುದು 80 ಲಕ್ಷ, ದರ ಶೇ 12.75 ಆಗುತ್ತದೆ. ಖಾನಾವಳಿಯವರಿಗೆ 25,500, ನೌಕರಿಯವರಿಗೆ 1,53,000, ವ್ಯಾಪಾರಿಗೆ 4,08,000. ಸಣ್ಣ ಮನೆಯ ಭಾರ ಅರ್ಧ ಇಳಿಯಿತು, ನಿಜ. ಆದರೆ ನಡುವಿನವರಿಗೆ ಈಗಿಗಿಂತ 33,000 ಜಾಸ್ತಿಯಾಯಿತು. ಒಂದೇ ದರ ಬೇಕು ಎಂದು ನನ್ನ ಮುಂದೆ ವಾದ ಮಾಡುವವರಲ್ಲಿ ಹೆಚ್ಚಿನವರು ಇದೇ ನಡುವಿನವರು!

ದರ ಇಳಿಸಿದರೆ ಮುಚ್ಚಿಟ್ಟ ಆದಾಯ ಹೊರಗೆ ಬರುತ್ತದೆ, ಖಜಾನೆ ತುಂಬುತ್ತದೆ ಎಂದೂ ಆ ಪತ್ರದಲ್ಲಿತ್ತು. ಇದರಲ್ಲಿ ಸತ್ಯ ಇಲ್ಲದೇ ಇಲ್ಲ. ಇವತ್ತು ಆ ವ್ಯಾಪಾರಿ ನೂರು ರೂಪಾಯಿ ಮುಚ್ಚಿಟ್ಟರೆ 30 ಉಳಿಯುತ್ತದೆ, ಶೇ 8.5 ಆದರೆ ಎಂಟೂವರೆ ಮಾತ್ರ. ಆದರೆ ಸಣ್ಣ ಮನೆಗಳನ್ನೂ ನೌಕರಿಯವರನ್ನೂ ಈಗಿದ್ದಂತೆಯೇ ಬಿಟ್ಟು, ವ್ಯಾಪಾರಿಗೆ ಬಿಟ್ಟುಕೊಟ್ಟ 3,54,000 ಅವರಿಂದಲೇ ವಾಪಸ್ ಬರಬೇಕಾದರೆ ಅವರು ಇನ್ನೂ 41 ಲಕ್ಷಕ್ಕೂ ಮೀರಿ ಆದಾಯ ತೋರಿಸಬೇಕು. ಅಂದರೆ ಈಗ ತೋರಿಸುವುದಕ್ಕಿಂತ ಹೆಚ್ಚು ಹಣವನ್ನು ಅವರು ಮುಚ್ಚಿಟ್ಟಿರಬೇಕು. ಇದನ್ನು ನಂಬಿ ಬಜೆಟ್ ಮಾಡಲಿಕ್ಕೆ ಆಗುತ್ತದೆಯೇ?

ರಷ್ಯಾ 2001ರಲ್ಲಿ ಇದನ್ನು ಮಾಡಿತು. ಶೇ 12, 20, 30 ಇದ್ದ ಸ್ಲ್ಯಾಬ್ ತೆಗೆದು ಎಲ್ಲರಿಗೂ ಶೇ 13 ಮಾಡಿತು. ತೆರಿಗೆ ಸಂಗ್ರಹ ಏರಿದ್ದೂ ಹೌದು. ಆದರೆ ಆಮೇಲೆ ಅದನ್ನು ಪರಿಶೀಲಿಸಿದ ಐಎಂಎಫ್‌ನ ಅರ್ಥಶಾಸ್ತ್ರಜ್ಞರಿಗೆ ಆ ಏರಿಕೆ ದರ ಇಳಿಸಿದ್ದರಿಂದಲೇ ಬಂತು ಎನ್ನಲು ಆಧಾರ ಸಿಗಲಿಲ್ಲ. ಜನ ಸರಿಯಾಗಿ ಕಟ್ಟುವುದು ಮಾತ್ರ ಸ್ವಲ್ಪ ಸುಧಾರಿಸಿತ್ತು. 2021ರಲ್ಲಿ ರಷ್ಯಾ ಮೇಲಿನ ಆದಾಯಕ್ಕೆ ಶೇ 15 ಹಾಕಿತು. 2025ರಿಂದ ಅಲ್ಲಿ ಐದು ಮೆಟ್ಟಿಲು, ಮೇಲಿನದು ಶೇ 22. ಎಸ್ಟೋನಿಯಾ 1994ರಿಂದ ಒಂದೇ ದರವನ್ನು ಉಳಿಸಿಕೊಂಡಿದೆ, ಅದನ್ನೂ ಹೇಳಬೇಕು.

ಸರಳತೆಯ ವಿಷಯ ನನ್ನ ದಿನದ ಕೆಲಸ. ಸ್ಲ್ಯಾಬ್ ಲೆಕ್ಕ ಕಂಪ್ಯೂಟರ್‌ಗೆ ಒಂದು ಕ್ಷಣದ್ದು. ತಲೆ ಕೆಡಿಸುವುದು ಬೇರೆಯೇ. ಬ್ಯಾಡಗಿ ಕಡೆಯ ಒಬ್ಬರು ಸ್ವಂತ ಹೊಲದ ಮೆಣಸಿನಕಾಯಿಯನ್ನೂ ಮಾರುತ್ತಾರೆ, ಬೇರೆಯವರಿಂದ ಕೊಂಡ ಕಾಯಿಯನ್ನೂ ಮಾರುತ್ತಾರೆ. ಮೊದಲನೆಯದು ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಎರಡನೆಯದು ವ್ಯಾಪಾರದ ಲಾಭ. ಹಣ ಬರುವುದು ಮಾತ್ರ ಒಂದೇ ಬ್ಯಾಂಕ್ ಖಾತೆಗೆ. ಯಾವ ಚೀಲ ಯಾವ ಹೊಲದ್ದು ಎಂದು ಪಟ್ಟಿಗಳನ್ನು ಹರಡಿಕೊಂಡು ಹೊಂದಿಸುವಷ್ಟರಲ್ಲಿ ಎರಡು ದಿನ ಹೋದವು. ದರ ಒಂದೇ ಇದ್ದರೂ ಆ ಎರಡು ದಿನ ಹೋಗುತ್ತಲೇ ಇದ್ದವು.

ಈಗಿನ ಪದ್ಧತಿಯಲ್ಲೂ ಒಂದು ದೊಡ್ಡ ತಪ್ಪಿದೆ. ಅದು 12 ಲಕ್ಷದ ಗೋಡೆ. 12,10,000 ಆದಾಯಕ್ಕೆ ಸ್ಲ್ಯಾಬ್ ಪ್ರಕಾರ 61,500 ಆಗುತ್ತದೆ. ಹತ್ತು ಸಾವಿರ ಜಾಸ್ತಿ ದುಡಿದದ್ದಕ್ಕೆ ಅಷ್ಟು ಕಿತ್ತುಕೊಳ್ಳಬಾರದೆಂದು ಕಾನೂನೇ ತೆರಿಗೆಯನ್ನು 10,000ಕ್ಕೆ ನಿಲ್ಲಿಸುತ್ತದೆ. ಆದರೂ ಆ ಹತ್ತು ಸಾವಿರ ಪೂರಾ ಹೋಯಿತಲ್ಲ! 12,70,000 ಆಗುವ ತನಕ ಹೀಗೇ. ಕಾಲೇಜಿನ ಮೇಡಂ ಒಬ್ಬರು ನನ್ನ ಮುಂದೆ ಕೂತು, "ಹಂಗಾದ್ರ ಎಕ್ಸ್‌ಟ್ರಾ ಕೆಲಸ ಯಾಕ ಮಾಡಬೇಕ್ರಿ?" ಅಂದರು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಕ್ಕೆ ಸ್ಲ್ಯಾಬ್ ಕಿತ್ತು ಹಾಕಬೇಕಿಲ್ಲ. 60,000ದ ರಿಬೇಟನ್ನು ಒಮ್ಮೆಲೇ ಕಸಿದುಕೊಳ್ಳದೆ, 12 ಲಕ್ಷ ದಾಟಿದ ಪ್ರತಿ ರೂಪಾಯಿಗೆ 30 ಪೈಸೆಯಂತೆ ಇಳಿಸುತ್ತ ಹೋದರೆ ಅದು 14 ಲಕ್ಷಕ್ಕೆ ಮುಗಿಯುತ್ತದೆ. ಆಗ 12,70,000 ಗಳಿಸಿದವರ ತೆರಿಗೆ 31,500. ಹೆಚ್ಚು ದುಡಿದ 70,000ದಲ್ಲಿ 38,500 ಅವರ ಕೈಯಲ್ಲೇ ಉಳಿಯುತ್ತದೆ. ಖಾನಾವಳಿಯವರಿಗೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಖಜಾನೆಗೆ 12ರಿಂದ 14 ಲಕ್ಷದ ನಡುವಿನವರಿಂದ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ. ನಮ್ಮ ಭಾಗದ ಸಂಸದರು ಮುಂದಿನ ಬಜೆಟ್‌ಗೆ ಮೊದಲು ಇದನ್ನು ಕೇಳಲಿ.

– ಲೆಕ್ಕ ಬರೆಯುವ ಒಬ್ಬ ಓದುಗ, ಹುಬ್ಬಳ್ಳಿ