ಬೆಣ್ಣೆ ಪೊಟ್ಟಣದ ಮೇಲಿನ ಮುದ್ರೆ ಯಾವ ದೇಶದ ಹೆಸರು ಹೇಳುತ್ತದೆ?

ಮಾನ್ಯ ಸಂಪಾದಕರೇ,

ಯುರೋಪಿಗೆ ಓದಲು ಹೊರಟ ಮಕ್ಕಳಿಗಾಗಿ ನಿಮ್ಮ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಚಳಿಗೆ ಬೇಕಾದ ಬಟ್ಟೆ, ಎಲ್ಲವನ್ನೂ ಚೆನ್ನಾಗಿ ಬರೆದಿದ್ದಾರೆ. ಆದರೆ ಅಂಗಡಿ ಸಾಮಾನಿನ ಭಾಗದಲ್ಲಿ ಒಂದು ಸಾಲಿದೆ. ಹಾಲು, ಬೆಣ್ಣೆ, ಮಾಂಸದ ಪೊಟ್ಟಣದ ಮೇಲೆ ಮೊಟ್ಟೆಯಾಕಾರದ ಒಂದು ಮುದ್ರೆ ಇರುತ್ತದೆ, ಅದನ್ನು ನೋಡಿದರೆ ಆ ಹಾಲು, ಆ ಮಾಂಸ ಯಾವ ದೇಶದ್ದು ಅಂತ ತಿಳಿಯುತ್ತದೆ ಅಂತ. ಈ ಮಾತು ಅರ್ಧ ಮಾತ್ರ ನಿಜ. ಹನ್ನೊಂದು ವರ್ಷದಿಂದ ನಾನು ಜರ್ಮನಿಯ ನ್ಯೂರೆಂಬರ್ಗಿನಲ್ಲಿದ್ದೇನೆ. ಉಳಿದರ್ಧ ಗೊತ್ತಿಲ್ಲದೆ ಒಮ್ಮೆ ಸುಮ್ನೆ ಒಂದು ಕಂಪನಿಯ ಮೇಲೆ ಅನುಮಾನ ಪಟ್ಟವಳು ನಾನು. ಅದಕ್ಕೇ ಈ ಪತ್ರ.

ಎರಡು ವರ್ಷದ ಹಿಂದೆ ಅಮ್ಮ ಇಲ್ಲಿಗೆ ಬಂದಿದ್ದರು. ತುಪ್ಪ ಕಾಯಿಸೋಣ ಅಂತ 250 ಗ್ರಾಮಿನ ನಾಲ್ಕು ಪೊಟ್ಟಣ ಐರ್ಲೆಂಡಿನ ಬೆಣ್ಣೆ ತಂದಿದ್ದೆ. ಅಲ್ಲಿಯ ಹಸುಗಳು ವರ್ಷದ ಹೆಚ್ಚು ದಿನ ಹಸಿರು ಹುಲ್ಲು ಮೇಯುತ್ತವೆ, ಬೆಣ್ಣೆ ಅರಿಸಿನದ ಬಣ್ಣಕ್ಕೆ ಹತ್ತಿರ ಇರುತ್ತದೆ. ಅಮ್ಮ ನಿವೃತ್ತ ಮೇಷ್ಟ್ರು. ಯಾವ ಪೊಟ್ಟಣ ಕೈಗೆ ಸಿಕ್ಕರೂ ಸುತ್ತ ತಿರುಗಿಸಿ ಓದದೆ ಬಿಡುವವರಲ್ಲ. "ಏನೇ ಇದು, ಮುಂದೆ ಐರ್ಲೆಂಡ್ ಅಂತ ದೊಡ್ಡದಾಗಿ ಬರ್ಕೊಂಡಿದ್ದಾರೆ. ಹಿಂದೆ ಈ ಸಣ್ಣ ಮೊಟ್ಟೆಯೊಳಗೆ ಬೇರೇನೋ ಇದೆಯಲ್ಲ?" ಅಂದರು. ನೋಡಿದೆ. ಹೆಬ್ಬೆರಳ ಉಗುರಿನಷ್ಟು ದೊಡ್ಡ ಮುದ್ರೆ, ಅದರೊಳಗೆ ಮೂರು ಸಾಲು. ಯಾವ ಕಂಪನಿಗೂ ಬೆರಳು ತೋರಿಸಿದಂತೆ ಆಗಬಾರದು ಅಂತ ಅಂಕಿಗಳ ಜಾಗದಲ್ಲಿ ಸೊನ್ನೆ ಹಾಕಿದ್ದೇನೆ:

```
DE
NW 000
EG
```

ಮೊದಲ ಸಾಲು ದೇಶ. DE ಅಂದರೆ ಜರ್ಮನಿ, ಐರ್ಲೆಂಡ್ ಆಗಿದ್ದರೆ IE ಇರಬೇಕಿತ್ತು. ಎರಡನೆಯ ಸಾಲು ಕಾರ್ಖಾನೆಗೆ ಸರ್ಕಾರ ಕೊಟ್ಟ ಮಂಜೂರಾತಿ ನಂಬರ್. ಜರ್ಮನಿಯಲ್ಲಿ ಈ ನಂಬರಿನ ಮುಂದೆ ರಾಜ್ಯದ ಎರಡಕ್ಷರವೂ ಇರುತ್ತದೆ. NW ಅಂದರೆ ನಾರ್ತ್ ರೈನ್-ವೆಸ್ಟ್‌ಫಾಲಿಯಾ, ನಾವಿರುವ ಬವೇರಿಯಾಕ್ಕೆ BY. ಮೂರನೆಯ ಸಾಲಿನ EG, ಯುರೋಪಿಯನ್ ಸಮುದಾಯ ಅನ್ನುವ ಒಕ್ಕೂಟದ ಹಳೆಯ ಹೆಸರಿಗೆ ಜರ್ಮನ್ ಭಾಷೆಯ ಗುರುತು.

ನನಗೆ ಸಿಟ್ಟು ಬಂತು. ಐರ್ಲೆಂಡಿನ ಹೆಸರು ಹೇಳಿ ಜರ್ಮನಿಯ ಬೆಣ್ಣೆ ಮಾರುತ್ತಿದ್ದಾರೆ ಅಂದುಕೊಂಡೆ. ಕಂಪನಿಗೆ ಮಿಂಚಂಚೆ ಬರೆದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಹಾಲು ಐರ್ಲೆಂಡಿನದೇ, ಬೆಣ್ಣೆ ಕಡೆದದ್ದೂ ಅಲ್ಲೇ. ದೊಡ್ಡ ದೊಡ್ಡ ಗಟ್ಟಿಗಳಾಗಿ ಜರ್ಮನಿಗೆ ಬರುತ್ತದೆ, ಇಲ್ಲಿ ಕತ್ತರಿಸಿ 250 ಗ್ರಾಮಿನ ಪೊಟ್ಟಣ ಕಟ್ಟುತ್ತಾರೆ. ಜರ್ಮನಿಯ ಮುದ್ರೆ ಬಿದ್ದದ್ದು ಆ ಕಟ್ಟುವ ಕಾರ್ಖಾನೆಯದು. ನಿಯಮವೇ ಹಾಗಿದೆ. ಯುರೋಪಿನ 853/2004 ಅನ್ನುವ ಕಾನೂನು 2006ರ ಜನವರಿಯಿಂದ ಜಾರಿಯಲ್ಲಿದೆ. ಪ್ರಾಣಿಮೂಲದ ಪದಾರ್ಥದ ಹೊದಿಕೆ ಬಿಚ್ಚಿದರೆ, ಅಥವಾ ಅದನ್ನು ಇನ್ನೊಂದು ಕಡೆ ಮತ್ತೆ ಸಂಸ್ಕರಿಸಿದರೆ, ಹಾಗೆ ಮಾಡಿದ ಕಾರ್ಖಾನೆ ತನ್ನ ಹೊಸ ಮುದ್ರೆಯನ್ನೇ ಹಾಕಬೇಕು. ಹಳೆಯ ಮುದ್ರೆ ಅಲ್ಲಿಗೆ ಮುಗಿಯಿತು. ಅಂದರೆ ನಮ್ಮ ಕೈಗೆ ಬರುವ ಪೊಟ್ಟಣದ ಮುದ್ರೆ ಹೇಳೋದು ಇಷ್ಟೇ: ಈ ಪದಾರ್ಥವನ್ನು ಕೊನೆಯದಾಗಿ ಮುಟ್ಟಿದ್ದು, ಕತ್ತರಿಸಿದ್ದು ಅಥವಾ ಕಟ್ಟಿದ್ದು ಈ ದೇಶದ ಈ ಕಾರ್ಖಾನೆ. ಹಸು ಎಲ್ಲಿ ಮೇಯಿತು ಅನ್ನೋದು ಆ ಮೊಟ್ಟೆಯೊಳಗೆ ಇಲ್ಲ.

ಇದು ತಿಳಿದ ಮೇಲೆ ಫ್ರಿಜ್ಜಿನಲ್ಲಿದ್ದ ಚೀಸನ್ನೂ ತೆಗೆದು ನೋಡಿದೆ. ಇಡೀ ಚಕ್ರದಿಂದ ಕೊಯ್ದ ಗೌಡಾ ಚೀಸಿನ ತುಂಡಿನ ಮೇಲೆ NL, ಅಂದರೆ ನೆದರ್ಲೆಂಡ್ಸ್. ಅದೇ ಗೌಡಾ ಹೆಸರಿನ ತುರಿದ ಚೀಸಿನ ಮೇಲೆ DE. ಆ ತುರಿಯ ಮೂಲ ಡಚ್ಚರ ಹಾಲೋ ಜರ್ಮನ್ನರ ಹಾಲೋ, ಮುದ್ರೆಯಿಂದ ಹೇಳಲು ಬರುವುದಿಲ್ಲ. ಬರೀ ಗೌಡಾ ಅನ್ನುವ ಹೆಸರಿಗೂ ಊರಿನ ಕಾವಲಿಲ್ಲ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು.

ಇನ್ನೊಂದು ಎಡವು ಅಕ್ಷರಗಳದ್ದು. ಇದನ್ನು ಲೇಖನದಲ್ಲಿ ಹೇಳಲೇಬೇಕಿತ್ತು. ನಮ್ಮ ಮನೆಯಿಂದ ಜೆಕ್ ದೇಶದ ಗಡಿ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿಂದ ತಂದ ಚೀಸಿನ ಮೇಲೆ ಕೆಳಗಡೆ ES ಅಂತ ಇತ್ತು. ಸ್ಪೇನಿನ ಗುರುತೂ ES ತಾನೇ? ಇದು ಸ್ಪೇನಿನ ಚೀಸು ಅಂತ ಪಕ್ಕದ ಮನೆಯವರಿಗೆ ಹೇಳಿಬಿಟ್ಟಿದ್ದೆ. ಮೇಲಿನ ಸಾಲಿನಲ್ಲಿ CZ ಇದ್ದದ್ದನ್ನು ನೋಡಿರಲೇ ಇಲ್ಲ. ಜರ್ಮನಿಯ EG ಇದ್ದ ಹಾಗೆ, ಜೆಕ್ ಭಾಷೆಯಲ್ಲಿ ಅದೇ ಒಕ್ಕೂಟದ ಹೆಸರಿನ ಮೊದಲಕ್ಷರಗಳು ES. ಸ್ಲೋವಾಕಿಯಾ, ಸ್ಲೊವೇನಿಯಾದ ಮುದ್ರೆಗಳಲ್ಲೂ ಹೀಗೇ. ನಿಜವಾದ ಸ್ಪೇನಿನ ಮುದ್ರೆಯಲ್ಲಿ ES ಮೇಲಿರುತ್ತದೆ, ಕೆಳಗೆ CE ಇರುತ್ತದೆ. ಫ್ರಾನ್ಸ್, ಇಟಲಿಯವರದ್ದೂ CE. ಪೋಲೆಂಡಿನದು WE, ಫಿನ್ಲೆಂಡಿನದು EY. ಹಾಗಾಗಿ ಕಣ್ಣು ಮೊದಲು ಮೇಲಿನ ಸಾಲಿಗೆ ಹೋಗಬೇಕು. ಕೆಳಗಿನ ಸಾಲು ಭಾಷೆಯದು, ದೇಶದ್ದಲ್ಲ.

ಎಲ್ಲಕ್ಕಿಂತ ಜಾಸ್ತಿ ವಿವರ ಸಿಗೋದು ಫ್ರಾನ್ಸಿನ ಮುದ್ರೆಯಲ್ಲಿ. ಅಲ್ಲಿ ನಂಬರ್ ಮೂರು ತುಂಡಾಗಿರುತ್ತದೆ, ನಡುವೆ ಚುಕ್ಕೆ. ಮೊದಲ ತುಂಡು ಜಿಲ್ಲೆ, ಎರಡನೆಯದು ಊರು, ಮೂರನೆಯದು ಆ ಊರಿನ ಕಾರ್ಖಾನೆಯ ಸಂಖ್ಯೆ. 14ರಿಂದ ಶುರುವಾದರೆ ನಾರ್ಮಂಡಿಯ ಕಾಲ್ವಡೋಸ್ ಜಿಲ್ಲೆ, 35 ಆದರೆ ಬ್ರಿಟನಿಯ ಈಲ್-ಎ-ವಿಲೆನ್. ಮೇಜಿನ ಮೇಲಿನ ಚೀಸಿನ ಡಬ್ಬಿ ಹಿಡಿದು ಅದು ಹೊರಟ ಹಳ್ಳಿಯನ್ನು ನಕ್ಷೆಯಲ್ಲಿ ಹುಡುಕುವುದು ನನ್ನ ಮಗನಿಗೆ ಈಗ ಅಭ್ಯಾಸವೇ ಆಗಿದೆ. ಬೇರೆ ದೇಶಗಳ ನಂಬರಿಗೂ ಪಟ್ಟಿ ಇದೆ. ಪ್ರತಿ ದೇಶ ತನ್ನ ಮಂಜೂರಾದ ಕಾರ್ಖಾನೆಗಳ ಪಟ್ಟಿಯನ್ನು ಜಾಲತಾಣದಲ್ಲಿ ಇಡಬೇಕು. ನಂಬರ್ ಕೊಟ್ಟರೆ ಹೆಸರು, ಊರು ಎರಡೂ ಸಿಗುತ್ತದೆ.

ಕೆಲವು ಪೊಟ್ಟಣದ ಮೇಲೆ ಎರಡು ಮೂರು ಮುದ್ರೆಗಳು ಒಟ್ಟಿಗೇ ಅಚ್ಚಾಗಿರುತ್ತವೆ, ಪಕ್ಕದಲ್ಲಿ ಎ, ಬಿ, ಸಿ ಅಂತ ಅಕ್ಷರ. ಒಂದೇ ಹೊದಿಕೆಯನ್ನು ಬೇರೆ ಬೇರೆ ಕಾರ್ಖಾನೆಯಲ್ಲಿ ಬಳಸುತ್ತಾರೆ ಅಂತ ಅರ್ಥ. ನಿಮ್ಮ ಕೈಲಿರೋದು ಯಾವುದರದ್ದು ಅಂತ ತಿಳಿಯಲು ಕೊನೆಯ ದಿನಾಂಕದ ಪಕ್ಕ ನೋಡಬೇಕು. ಅಲ್ಲಿ ಅದೇ ಅಕ್ಷರ ಇರುತ್ತದೆ.

ಹಾಗಾದರೆ ಪ್ರಾಣಿ ಎಲ್ಲಿಯದು ಅಂತ ತಿಳಿಯೋದು ಹೇಗೆ? ಹಸಿ ಮಾಂಸವಾದರೆ ಮುದ್ರೆ ಬಿಟ್ಟು ಬರಹ ಓದಬೇಕು. ಹಂದಿ, ಕುರಿ, ಮೇಕೆ, ಕೋಳಿಯ ಹಸಿ ಮಾಂಸಕ್ಕೆ 2015ರ ಏಪ್ರಿಲ್‌ನಿಂದ ಎರಡು ಮಾತು ಕಡ್ಡಾಯ: ಎಲ್ಲಿ ಸಾಕಿದ್ದು, ಎಲ್ಲಿ ಕೊಯ್ದದ್ದು. ಜರ್ಮನ್‌ನಲ್ಲಿ `Aufgezogen in` ಅಂದರೆ ಸಾಕಿದ ದೇಶ, `Geschlachtet in` ಅಂದರೆ ಕೊಯ್ದ ದೇಶ. ದನದ ಮಾಂಸಕ್ಕೆ ಹುಟ್ಟಿದ ದೇಶವನ್ನೂ ಬರೆಯಬೇಕು, ಹುಚ್ಚು ಹಸು ರೋಗದ ಗಲಾಟೆಯ ನಂತರ ಬಂದ ನಿಯಮ ಅದು. ನಾವು ವಾರಕ್ಕೊಮ್ಮೆ ಕೋಳಿ ತರುತ್ತೇವೆ. ಹೋದ ಶನಿವಾರದ ಪೊಟ್ಟಣದಲ್ಲಿ ಮುದ್ರೆ DE, ಆದರೆ ಎರಡೂ ಸಾಲಿನಲ್ಲಿ ಪೋಲೆಂಡ್. ಕೋಳಿ ಪೋಲೆಂಡಿನದು, ತುಂಡು ಮಾಡಿ ಕಟ್ಟಿದ್ದು ಜರ್ಮನಿಯಲ್ಲಿ. ಮುದ್ರೆ ಮಾತ್ರ ನೋಡಿದವರು ಜರ್ಮನಿಯ ಕೋಳಿ ಅಂದುಕೊಂಡು ಮನೆಗೆ ಬರುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ, ನಮ್ಮ ಹುಡುಗರಿಗೆ ಇದು ಬೇಗ ತಗಲುತ್ತದೆ. ಅಡುಗೆ ಬಾರದವರು ಮಸಾಲೆ ಹಚ್ಚಿದ ಕೋಳಿಯನ್ನೇ ತರುತ್ತಾರೆ, ಬಾಣಲೆಗೆ ಹಾಕಿದರೆ ಆಯ್ತು. ಉಪ್ಪು, ಖಾರ ಹಚ್ಚಿದ ಕೂಡಲೇ ಅದು ಕಾನೂನಿನ ಲೆಕ್ಕದಲ್ಲಿ ಹಸಿ ಮಾಂಸ ಅಲ್ಲ. ಸಾಕಿದ ದೇಶ, ಕೊಯ್ದ ದೇಶ ಬರೆಯುವ ಆ ನಿಯಮ ಅದಕ್ಕಿಲ್ಲ. ಅದೇ ಕೋಳಿ, ಅದೇ ಅಂಗಡಿಯ ಅದೇ ಫ್ರಿಜ್, ಪಕ್ಕದ ಸಾಲಿಗೆ ಬಂದಾಗ ಆ ಎರಡು ಸಾಲು ಮಾಯ. ಮುದ್ರೆ ಮಾತ್ರ ಉಳಿಯುತ್ತದೆ. ಮೂಲ ತಿಳಿಯಬೇಕು ಅನ್ನುವವರು ಬರೀ ಕೋಳಿ ತಂದು ಮನೆಯಲ್ಲೇ ಮಸಾಲೆ ಹಚ್ಚಬೇಕು, ಬೇರೆ ದಾರಿ ನನಗೆ ಕಂಡಿಲ್ಲ.

ಲೇಖನದಲ್ಲಿ ಬಾರ್‌ಕೋಡ್ ಮಾತೂ ಇತ್ತು. 400ರಿಂದ 440ರವರೆಗೆ ಶುರುವಾದರೆ ಜರ್ಮನಿಯ ಸರಕು ಅಂತ. ಅದು ಇನ್ನೂ ದೂರದ ಮಾತು. ಆ ಅಂಕಿಗಳು ಕಂಪನಿ ಯಾವ ದೇಶದ ಕಚೇರಿಯಿಂದ ಬಾರ್‌ಕೋಡ್ ಪಡೆಯಿತು ಅಂತ ಮಾತ್ರ ಹೇಳುತ್ತವೆ. ನಮ್ಮ 890 ಕೂಡ ಅಷ್ಟೇ. ಬಾರ್‌ಕೋಡಿಗಿಂತ ಮುದ್ರೆ ಎಷ್ಟೋ ಗಟ್ಟಿ, ಅದರ ಹಿಂದೆ ಒಂದು ನಿಜವಾದ ಕಟ್ಟಡ ಇದೆ.

ಆ ಕಟ್ಟಡದ ಗುರುತೇ ಮುದ್ರೆಯ ಅಸಲಿ ಕೆಲಸ. ಚೀಸಿನಲ್ಲೋ ಮಾಂಸದಲ್ಲೋ ಲಿಸ್ಟೀರಿಯಾದಂಥ ರೋಗಾಣು ಸಿಕ್ಕಿ ಸರಕು ವಾಪಸ್ ಕರೆದಾಗ, ಜರ್ಮನಿಯ ಎಚ್ಚರಿಕೆ ಪ್ರಕಟಣೆಗಳಲ್ಲಿ ಎಷ್ಟೋ ಸಲ ಈ ನಂಬರನ್ನೂ ಕೊಡುತ್ತಾರೆ. ಒಂದೇ ಕಾರ್ಖಾನೆ ನಾಲ್ಕು ಅಂಗಡಿಗಳ ಹೆಸರಿನಲ್ಲಿ ಚೀಸು ಕಟ್ಟಿರಬಹುದು. ಹೆಸರು ಬೇರೆ ಆದರೂ ನಂಬರ್ ಒಂದೇ. ಫ್ರಿಜ್ ತೆರೆದು ನಂಬರ್, ದಿನಾಂಕ ಎರಡನ್ನೂ ಹೋಲಿಸಿದರೆ ತಿನ್ನಬೇಕೋ ಬೇಡವೋ ಗೊತ್ತಾಗುತ್ತದೆ. ಅಗ್ಗದ ಮೊಸರು ಮತ್ತು ದುಬಾರಿ ಮೊಸರಿನ ಮೇಲೆ ಒಂದೇ ನಂಬರ್ ಇದ್ದರೆ ಎರಡೂ ಒಂದೇ ಮೊಸರು ಅಂತ ಮಾತ್ರ ತೀರ್ಮಾನ ಮಾಡಬೇಡಿ. ಕಟ್ಟಡ ಒಂದೇ, ಹಾಲಿನ ಕೊಬ್ಬು, ಹೆಪ್ಪು ಬೇರೆ ಇರಬಹುದು.

ಬ್ರಿಟನ್ನಿಗೆ ಹೋಗುವವರಿಗೆ ಒಂದು ಮಾತು. 2021ರಲ್ಲಿ ಒಕ್ಕೂಟದ ನಿಯಮದಿಂದ ಹೊರಬಂದ ಮೇಲೆ ಅಲ್ಲಿಯ ಮುದ್ರೆಗೆ EGಯ ಇಂಗ್ಲಿಷ್ ರೂಪವಾದ EC ಬೇಕಿಲ್ಲ, GB ಅಥವಾ UK ಮತ್ತು ನಂಬರ್ ಇದ್ದರೆ ಆಯ್ತು. ಉತ್ತರ ಐರ್ಲೆಂಡಿನದ್ದು ಮಾತ್ರ `UK(NI)` ಅಂತ ಇರುತ್ತದೆ, EC ಸಮೇತ.

ಅಕ್ಟೋಬರಿಗೆ ಇಲ್ಲಿಯ ಚಳಿಗಾಲದ ಸೆಮಿಸ್ಟರ್ ಶುರುವಾಗುತ್ತದೆ. ನಿಮ್ಮ ಲೇಖನವನ್ನು ಕತ್ತರಿಸಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬರುವ ಮಕ್ಕಳಿದ್ದಾರೆ, ನನ್ನ ತಂಗಿಯ ಮಗಳೇ ಅವರಲ್ಲಿ ಒಬ್ಬಳು. ದಯವಿಟ್ಟು ಆ ಒಂದು ಸಾಲನ್ನು ಹೀಗೆ ತಿದ್ದಿ ಪ್ರಕಟಿಸಿ: ಮುದ್ರೆಯ ಮೇಲಿನ ಸಾಲು ಕೊನೆಯದಾಗಿ ಸಂಸ್ಕರಿಸಿದ ಅಥವಾ ಪೊಟ್ಟಣ ಕಟ್ಟಿದ ಕಾರ್ಖಾನೆಯ ದೇಶ, ಹಸಿ ಮಾಂಸದ ಮೂಲ ತಿಳಿಯಲು ಸಾಕಿದ ಮತ್ತು ಕೊಯ್ದ ದೇಶದ ಸಾಲುಗಳನ್ನು ಓದಿ.

ಇಂತಿ ನಿಮ್ಮ ಓದುಗಳು,
ನ್ಯೂರೆಂಬರ್ಗ್, ಜರ್ಮನಿ (ಊರು ತಿಪಟೂರು)