ಹೊರವರ್ತುಲ ರಸ್ತೆಗೆ ದಟ್ಟಣೆ ಶುಲ್ಕ ವಿಧಿಸಿ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯಲ್ಲಿ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಹೊತ್ತು ಸಂಚರಿಸುವ ಖಾಸಗಿ ವಾಹನಗಳಿಗೆ ಶುಲ್ಕ ವಿಧಿಸಬೇಕು, ಆ ಹಣವನ್ನು ಅದೇ ರಸ್ತೆಯ ಬಸ್ಸುಗಳಿಗೆ ವಿನಿಯೋಗಿಸಬೇಕು ಎಂಬುದು ಈ ಪತ್ರದ ಬೇಡಿಕೆ. ತೆರಿಗೆ ಇಳಿಸಿ ಎಂಬ ಮನವಿಗಳೇ ತಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಶುಲ್ಕ ಹಾಕಿ ಎಂದು ಕೇಳುವ ಮತದಾರಳನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ಈ ರಸ್ತೆಯಲ್ಲಿ ವರ್ಷಗಟ್ಟಲೆ ಬಸ್ಸಿನ ಕಂಬಿ ಹಿಡಿದು ನಿಂತವರಿಗೆ ಆಗುವುದಿಲ್ಲ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಮನೆ ಸಿಲ್ಕ್ ಬೋರ್ಡ್ ಕಡೆ, ಕಾಲೇಜು ಮಾರತ್ತಹಳ್ಳಿ ಕಡೆ. ಕಳೆದ ವರ್ಷ ಪರೀಕ್ಷೆಯ ಮೇಲ್ವಿಚಾರಣೆ ಇದ್ದ ಒಂದು ಬೆಳಿಗ್ಗೆ ಇಬ್ಬಲೂರಿನಲ್ಲಿ ಬಸ್ಸು ಅಲುಗಾಡದೆ ನಿಂತಾಗ ನಾನು ಇಳಿದು ನಡೆಯತೊಡಗಿದೆ. ಪಾದಚಾರಿ ಮಾರ್ಗದ ಮೇಲೆಲ್ಲ ಸ್ಕೂಟರುಗಳು ಏರಿ ಬರುತ್ತಿದ್ದವು. ಒಬ್ಬ ಮಹಾಶಯ ಹಿಂದಿನಿಂದ ಹಾರ್ನ್ ಬಾರಿಸಿ, ನಾನು ದಾರಿ ಬಿಡಲಿಲ್ಲವೆಂದು ಬೈದೂ ಹೋದ. ಆದರೂ ಬೆಳ್ಳಂದೂರು ದಾಟುವವರೆಗೆ ನಾನು ಇಳಿದ ಬಸ್ಸು ನನ್ನನ್ನು ಹಿಂದೆ ಹಾಕಲಿಲ್ಲ. ಕಾಲೇಜು ತಲುಪಿದಾಗ ಪ್ರಶ್ನೆಪತ್ರಿಕೆ ಹಂಚಿಯಾಗಿತ್ತು. ಲಿಖಿತ ವಿವರಣೆ ಕೇಳಿದರು. ‘ವಾಹನ ದಟ್ಟಣೆ’ ಎಂದು ಬರೆದುಕೊಟ್ಟೆ. ಇದು ದಿನವೂ ಇರುವುದಲ್ಲವೇ, ಕಾರಣ ಬರೆಯಿರಿ ಎಂದು ವಾಪಸು ಕಳಿಸಿದರು.

ಅದನ್ನೂ ನುಂಗಿಕೊಂಡಿದ್ದೆ. ಈ ಪತ್ರ ಬರೆಯಿಸಿದ್ದು ಆ ಬಳಿಕ ನಡೆದ ನಿವಾಸಿಗಳ ಸಭೆ. ಅಲ್ಲಿಗೆ ಬಂದಿದ್ದ ಅಧಿಕಾರಿಯೊಬ್ಬರ ಎದುರು ದಟ್ಟಣೆ ಶುಲ್ಕದ ಮಾತೆತ್ತಿದಾಗ ಅವರು ನಕ್ಕು, “ನಾಲ್ಕು ಸಾವಿರ ಗಾಡಿಗಳ ನಡುವೆ ಒಂದು ಗಾಡಿ ಹೆಚ್ಚಾದರೆ ಏನು ಮಹಾ ಮೇಡಂ, ಒಬ್ಬೊಬ್ಬರಿಗೆ ಒಂದು ಸೆಕೆಂಡೂ ತಡವಾಗುವುದಿಲ್ಲ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರ ಮಾತು ನಿಜ, ಮತ್ತು ಶುಲ್ಕ ಏಕೆ ಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ಅವರು ಗುಣಾಕಾರ ಮಾಡದೆ ಕುಳಿತರಷ್ಟೆ. ಅದನ್ನು ಇಲ್ಲಿ ಮಾಡುತ್ತೇನೆ.

ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ಇಟ್ಟುಕೊಂಡಿದ್ದೇನೆ. ಇವು ಸಮೀಕ್ಷೆಯ ಅಂಕಿಗಳಲ್ಲ. ರಸ್ತೆ ಖಾಲಿ ಇದ್ದರೆ ಪ್ರಯಾಣಕ್ಕೆ 20 ನಿಮಿಷ ಸಾಕೆಂದೂ, ಗಂಟೆಗೆ 200 ವಾಹನ ಹೆಚ್ಚಿದಂತೆ ಎಲ್ಲರಿಗೂ ಒಂದೊಂದು ನಿಮಿಷ ಹೆಚ್ಚುತ್ತದೆಂದೂ ಇಟ್ಟುಕೊಳ್ಳೋಣ. 4,000 ವಾಹನಗಳಿದ್ದಾಗ ಪ್ರಯಾಣ 40 ನಿಮಿಷವಾಗುತ್ತದೆ. ಈಗ ಇನ್ನೊಂದು ಕಾರು ಬಂತು. ಅದರಿಂದ ಉಳಿದ ಒಬ್ಬೊಬ್ಬರಿಗೂ ಆಗುವ ತಡ ಒಂದು ನಿಮಿಷದ 200ನೇ ಒಂದು ಭಾಗ, ಅಂದರೆ 0.3 ಸೆಕೆಂಡು. ಅಧಿಕಾರಿಗಳು ಹೇಳಿದ್ದು ಇಷ್ಟನ್ನೇ. ಆದರೆ 0.3 ಸೆಕೆಂಡನ್ನು 4,000ದಿಂದ ಗುಣಿಸಿದರೆ 1,200 ಸೆಕೆಂಡು, ಅಂದರೆ ಪೂರಾ 20 ನಿಮಿಷ. ಆ ಕಾರಿನವರು ತಮ್ಮ 40 ನಿಮಿಷವನ್ನು ತಾವೇ ಅನುಭವಿಸುತ್ತಾರೆ, ಅದನ್ನು ಲೆಕ್ಕ ಹಾಕಿಯೇ ಮನೆಯಿಂದ ಹೊರಡುತ್ತಾರೆ. ಊರಿನ ಮೇಲೆ ಹೊರಿಸಿದ ಈ 20 ನಿಮಿಷ ಮಾತ್ರ ಅವರ ಲೆಕ್ಕಕ್ಕೆ ಬರುವುದೇ ಇಲ್ಲ, ಏಕೆಂದರೆ ಅದು ಯಾರ ಗಡಿಯಾರದಲ್ಲೂ ಒಟ್ಟಿಗೆ ಕಾಣಿಸುವುದಿಲ್ಲ. ಎರಡನ್ನೂ ಸೇರಿಸಿದ 60 ನಿಮಿಷವೇ ಆ ಒಂದು ಪ್ರಯಾಣದ ಸೀಮಾಂತ ಸಾಮಾಜಿಕ ವೆಚ್ಚ. ನಿಮಿಷಕ್ಕೆ ₹3ರಂತೆ ಬೆಲೆ ಕಟ್ಟಿದರೆ ಚಾಲಕರು ಹೊರುವುದು ₹120, ಸಮಾಜಕ್ಕೆ ಬೀಳುವುದು ₹180.

ಹಾಗಾದರೆ ಶುಲ್ಕ ₹60 ಎಂದು ಯಾರಾದರೂ ತಮಗೆ ಕಡತ ತಂದುಕೊಟ್ಟರೆ ದಯವಿಟ್ಟು ಸಹಿ ಮಾಡಬೇಡಿ. ಅದು ಇಂದಿನ ದಟ್ಟಣೆಯ ಹಾನಿ. ಶುಲ್ಕ ಬಂದ ಮೇಲೆ ದಟ್ಟಣೆ ಇಂದಿನಷ್ಟಿರುವುದಿಲ್ಲ. ಪ್ರಯಾಣದ ಒಟ್ಟು ಹೊರೆ ₹30 ಏರಿದಾಗಲೆಲ್ಲ 1,000 ವಾಹನಗಳು ಬೇರೆ ಹೊತ್ತಿಗೋ, ಬೇರೆ ದಾರಿಗೋ, ಬಸ್ಸಿಗೋ ಸರಿಯುತ್ತವೆ ಎಂದುಕೊಳ್ಳೋಣ. ₹60 ವಿಧಿಸಿದರೆ, ಉಳಿತಾಯವಾಗುವ ಸಮಯದ ಬೆಲೆ ಕಳೆದು ಹೊರೆ ಏರುವುದು ಸುಮಾರು ₹40, ರಸ್ತೆಯಲ್ಲಿ ಉಳಿಯುವುದು ಸುಮಾರು 2,670 ವಾಹನ. ಆಗ ಒಂದು ಕಾರು ಇತರರಿಗೆ ಮಾಡುವ ಹಾನಿ ₹40 ಮಾತ್ರ. ಮಾಡಿದ್ದಕ್ಕಿಂತ ಹೆಚ್ಚಿನ ದಂಡ ಹಾಕಿದಂತಾಯಿತು. ₹45 ವಿಧಿಸಿದರೆ 3,000 ವಾಹನ ಉಳಿಯುತ್ತವೆ, ಪ್ರಯಾಣ 35 ನಿಮಿಷಕ್ಕೆ ಇಳಿಯುತ್ತದೆ, ಒಂದು ಕಾರಿನ ಹಾನಿ 900 ಸೆಕೆಂಡು ಅಂದರೆ 15 ನಿಮಿಷ, ಅದರ ಬೆಲೆಯೂ ₹45. ಶುಲ್ಕವೂ ಹಾನಿಯೂ ಸರಿಸಮವಾಗುವುದು ಇಲ್ಲಿಯೇ. ಇದನ್ನು ನಮ್ಮ ದ್ವಿತೀಯ ಪಿಯು ಮಕ್ಕಳು ಗೆರೆ ಎಳೆದು ತೋರಿಸುತ್ತಾರೆ. ತಮ್ಮ ಸುತ್ತಲಿನ ಸಲಹೆಗಾರರಿಗೆ ಇದು ತಿಳಿಯದೆ ಇರಲಾರದು.

ನಿಜವಾದ ರಸ್ತೆ ಇಷ್ಟು ಸರಳ ಗೆರೆಯಲ್ಲಿ ನಡೆಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ವಾಹನಗಳು ಕಡಿಮೆಯಿದ್ದಾಗ ಒಂದು ಹೆಚ್ಚಾದರೂ ತಡ ಇಲ್ಲವೆನ್ನುವಷ್ಟು. ರಸ್ತೆಯ ಧಾರಣಶಕ್ತಿಯ ಹತ್ತಿರ ಬಂದಂತೆ ಅದು ಕಡಿದಾಗಿ ಏರುತ್ತದೆ, ಅದನ್ನೂ ಮೀರಿದರೆ ಗಂಟೆಗೆ ದಾಟಿಹೋಗುವ ವಾಹನಗಳ ಸಂಖ್ಯೆಯೇ ಕುಸಿಯುತ್ತದೆ. ಆದ್ದರಿಂದಲೇ ದಿನವಿಡೀ ಒಂದೇ ದರ ಬೇಡವೆಂದು ಕೇಳುತ್ತಿದ್ದೇನೆ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಮರಳುವವನು ಯಾರನ್ನೂ ತಡೆಯುವುದಿಲ್ಲ; ಅವನಿಂದ ಒಂದು ರೂಪಾಯಿ ಕಿತ್ತರೂ ಅದು ದಟ್ಟಣೆ ಶುಲ್ಕವಲ್ಲ, ವಸೂಲಿ. ದರ ಸರಿಯಾಗಿದೆಯೇ ಎಂಬುದನ್ನು ಬೊಕ್ಕಸ ನೋಡಿ ತಿಳಿಯಲಾಗದು, ವೇಗ ನೋಡಿ ತಿಳಿಯಬೇಕು. ಸಿಂಗಪುರದವರು 1975ರಲ್ಲಿ ಕಾಗದದ ಪರವಾನಗಿ ಅಂಟಿಸಿಕೊಂಡು ಶುರು ಮಾಡಿ, 1998ರಲ್ಲಿ ವಿದ್ಯುನ್ಮಾನ ವ್ಯವಸ್ಥೆಗೆ ಬಂದರು. ನಗರದೊಳಗಿನ ಮುಖ್ಯ ರಸ್ತೆಗಳಲ್ಲಿ ವೇಗ ಗಂಟೆಗೆ 20ರಿಂದ 30 ಕಿಲೋಮೀಟರಿನೊಳಗೆ ಇರುವಂತೆ ಗುರಿಯಿಟ್ಟು, ಅದಕ್ಕಿಂತ ಕುಸಿದರೆ ದರ ಏರಿಸುವ, ಮೀರಿದರೆ ಇಳಿಸುವ ಪದ್ಧತಿ ಅವರದು. ದರ ಇಳಿಯಲೂಬಹುದಾದ ಸರ್ಕಾರಿ ಶುಲ್ಕವೊಂದು ಭೂಮಿಯ ಮೇಲಿದೆ ಎಂಬುದು ತಮ್ಮ ಸಹೋದ್ಯೋಗಿಗಳಿಗೆ ಹೊಸ ಸುದ್ದಿಯಾಗಬಹುದು.

2025ರಲ್ಲಿ ಈ ರಸ್ತೆಗೆ ಶುಲ್ಕ ವಿಧಿಸುವ ಮಾತು ಪತ್ರಿಕೆಗಳಲ್ಲಿ ಬಂದಾಗ, ಒಬ್ಬರೇ ಇರುವ ಕಾರಿಗೆ ಮಾತ್ರ ಹಾಕಬೇಕೆಂಬ ಚರ್ಚೆ ನಡೆಯಿತು. ಕಾರಿನೊಳಗೆ ಒಬ್ಬರಿದ್ದರೂ ಇಬ್ಬರಿದ್ದರೂ ಅದು ತಿನ್ನುವ ಜಾಗ ಒಂದೇ, ಹಿಂದಿನ ಬಸ್ಸಿಗೆ ಆಗುವ ತಡವೂ ಒಂದೇ. ಶುಲ್ಕ ವಾಹನದ ಮೇಲಿರಲಿ. ಇಬ್ಬರು ಕುಳಿತರೆ ತಲೆಗೆ ಅರ್ಧ ಬೀಳುತ್ತದೆ, ಪ್ರೋತ್ಸಾಹ ಅದರಲ್ಲೇ ಇದೆ. ವಿನಾಯಿತಿ ಕೊಟ್ಟರೆ ಪ್ರತಿ ಕಾರಿನೊಳಗೆ ಇಣುಕಿ ತಲೆ ಎಣಿಸುವ ಕೆಲಸ ಯಾರದು?

ಮೇಲಿನ ಲೆಕ್ಕದಲ್ಲಿ ನಾನು ವಾಹನಗಳನ್ನು ಎಣಿಸಿದೆನೇ ಹೊರತು ಜನರನ್ನಲ್ಲ. ಗಂಟೆಗೆ 100 ಬಸ್ಸು, ಒಂದೊಂದರಲ್ಲಿ 50 ಜನ ಎಂದರೂ 5,000 ಜನ. ಅವರ ತಲಾ 0.3 ಸೆಕೆಂಡು ಸೇರಿದರೆ ಇನ್ನೂ 25 ನಿಮಿಷ. ಒಂದು ಕಾರು ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಬೀಳುವುದು ನಿಂತು ಪ್ರಯಾಣಿಸುವವರ ಮೇಲೆ.

ಇನ್ನು ಈ ಪತ್ರದ ಮುಖ್ಯ ವಿಷಯ. ₹45ರ ಶುಲ್ಕದಲ್ಲಿ ಕಾರಿನವರಿಗೆ ಉಳಿಯುವುದು 5 ನಿಮಿಷ, ಅಂದರೆ ₹15; ಕೊಡುವುದು ₹45. ರಸ್ತೆಯಲ್ಲಿ ಉಳಿದ 3,000 ಮಂದಿಗೆ ತಲಾ ₹30 ನಷ್ಟ, ಒಟ್ಟು ₹90,000. ಬಿಟ್ಟುಹೋದ 1,000 ಮಂದಿಯ ನಷ್ಟ ಸೊನ್ನೆಯಿಂದ ₹30ರ ನಡುವೆ, ಸರಾಸರಿ ₹15ರಂತೆ ₹15,000. ಸಂಗ್ರಹವಾಗುವ ಶುಲ್ಕ ಗಂಟೆಗೆ ₹1,35,000. ಕಳೆದರೆ ಉಳಿಯುವ ನಿವ್ವಳ ಲಾಭ ₹30,000. ಗಮನಿಸಿ: ಲಾಭವೆಲ್ಲ ಇರುವುದು ಆ ಶುಲ್ಕದ ಪೆಟ್ಟಿಗೆಯೊಳಗೆ. ಅದು ಜನರಿಗೆ ಮರಳದಿದ್ದರೆ ಕಾರಿನವರೆಲ್ಲರೂ ಸೋತರು, ಅವರ ಸಿಟ್ಟು ನ್ಯಾಯವೇ. ಹಣ ಬಸ್ಸಿಗೆ ಹೋಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ ಹೊರತು ಬಸ್ಸಿನವಳೆಂಬ ಸ್ವಾರ್ಥಕ್ಕಲ್ಲ. ಸ್ವಾರ್ಥವೂ ಸ್ವಲ್ಪ ಇದೆ ಎನ್ನಿ.

ಸ್ಟಾಕ್‌ಹೋಮ್ ನಗರ 2006ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಶುಲ್ಕ ತಂದಾಗ, ಅದಕ್ಕೂ ಕೆಲವು ತಿಂಗಳ ಮುಂಚೆಯೇ ಹೆಚ್ಚುವರಿ ಬಸ್ಸುಗಳನ್ನು ಬಿಟ್ಟಿತ್ತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಮೊದಲು ಬಹುಮಂದಿ ವಿರೋಧಿಸಿದ್ದರೂ, ಖಾಲಿ ರಸ್ತೆಯನ್ನು ಕಣ್ಣಾರೆ ಕಂಡ ಮೇಲೆ ಅದೇ ಸೆಪ್ಟೆಂಬರಿನ ಜನಮತಗಣನೆಯಲ್ಲಿ ನಗರದವರು ಒಪ್ಪಿಗೆ ಕೊಟ್ಟರು. 2007ರಲ್ಲಿ ಶುಲ್ಕ ಕಾಯಂ ಆಯಿತು. ನಮ್ಮಲ್ಲಿ 2019ರ ಅಕ್ಟೋಬರ್‌ನಲ್ಲಿ ಇದೇ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆ ಆದ್ಯತಾ ಪಥ ಬಂದಿತ್ತು. ಅದರ ಗೂಟಗಳು ಈಗ ಎಲ್ಲಿವೆ ಎಂಬುದನ್ನು ತಾವು ಕಾರಿನ ಕಿಟಕಿ ಇಳಿಸಿ ಒಮ್ಮೆ ಹುಡುಕಬೇಕೆಂದು ವಿನಂತಿ.

ಕಾನೂನು ನಾನು ತಮಗೆ ಹೇಳಿಕೊಡಬೇಕಾಗಿಲ್ಲ. ಟೋಲ್ ಸಂವಿಧಾನದ ರಾಜ್ಯ ಪಟ್ಟಿಯ 59ನೇ ನಮೂದು. ಅಧಿಕಾರ ತಾವಿರುವ ಸದನದ್ದೇ. ಸಾಮಾನ್ಯವಾಗಿ ಬಂದ ಹಣ ರಾಜ್ಯದ ಸಂಚಿತ ನಿಧಿಗೆ ಸೇರಿ, ಅಲ್ಲಿಂದ ಎತ್ತ ಹರಿಯುತ್ತದೋ ನಮ್ಮಂಥವರಿಗೆ ಕಾಣುವುದಿಲ್ಲ. ಆದ್ದರಿಂದ ಶುಲ್ಕವನ್ನು ಹೇರುವ ಕಾಯಿದೆಯಲ್ಲೇ ಅದರ ಹಣಕ್ಕೆ ಪ್ರತ್ಯೇಕ ನಿಧಿಯನ್ನೂ, ಅದರಿಂದ ಈ ರಸ್ತೆಯ ಬಸ್ಸುಗಳಿಗೇ ಖರ್ಚಾಗಬೇಕೆಂಬ ಕಟ್ಟನ್ನೂ, ದರವನ್ನು ವೇಗ ನೋಡಿ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಬೇಕೆಂಬ ನಿಯಮವನ್ನೂ ಬರೆಯಬೇಕು. ಮೊದಲು ಬಸ್ಸು ಬಿಡಿ, ಆಮೇಲೆ ಶುಲ್ಕ ಹಾಕಿ, ಹಾಕಿದ ಹಣವನ್ನು ಬಸ್ಸಿಗೇ ಕೊಡಿ. ಈ ಮೂರರಲ್ಲಿ ನಡುವಿನದೊಂದನ್ನು ಮಾತ್ರ ಜಾರಿಗೆ ತರುವ ಉತ್ಸಾಹ ಸರ್ಕಾರಗಳಿಗೆ ಸಹಜವಾಗಿ ಬರುತ್ತದೆಂಬ ಭಯದಿಂದ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಮುಂದಿನ ಅಧಿವೇಶನದಲ್ಲಿ ತಾವು ಈ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳಬೇಕು, ಸರ್ಕಾರ ಒಪ್ಪದಿದ್ದರೆ ಖಾಸಗಿ ಸದಸ್ಯರ ಮಸೂದೆ ತರಬೇಕು. ಅದಕ್ಕೆ ಬೇಕಾದ ಲೆಕ್ಕವನ್ನು ಕಚೇರಿಗೆ ಬಂದು ಬಿಡಿಸಿ ತೋರಿಸಲು ಸಿದ್ಧಳಿದ್ದೇನೆ. ಸಮಯ ಕೊಡುವಾಗ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಮಾತ್ರ ಕೊಡಬೇಡಿ. ಬಂದು ಮುಟ್ಟುತ್ತೇನೆಂಬ ಭರವಸೆ ನನಗಿಲ್ಲ.

ಇಂತಿ,
ತಮ್ಮ ಕ್ಷೇತ್ರದ ಮತದಾರಳು,
ಅರ್ಥಶಾಸ್ತ್ರ ಉಪನ್ಯಾಸಕಿ